ಉಗ್ರಾಣದ ಬೀಗದ ಕೈ

ತಂಗಿಯ ಮದುವೆ ಮುಗಿದ ಮರುದಿನ, ಸೋಮವಾರ ರಾತ್ರಿ, ಬಂದವರಿಗೆಲ್ಲ ಒಂದು ವಂದನೆಯ ಮಾತು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಶನಿವಾರ ಸಂಜೆ ಹಾಸನದಲ್ಲಿ ಆರತಕ್ಷತೆ, ಭಾನುವಾರ ಬೆಳಿಗ್ಗೆ ಧಾರೆ ನಡೆದಿತ್ತು. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇನ್ನೂ ಫೋಟೊಗಳು ಸುರಿಯುತ್ತಿದ್ದವು. "ಕಚೇರಿಯಲ್ಲಿ ದಿನವೂ ಪತ್ರ ಬರೆಯುತ್ತೀಯ, ನಾಲ್ಕು ಸಾಲು ಬರೆ" ಎಂದ ತಮ್ಮ. ನಾನು ಬರೆದದ್ದು ಒಂದೂವರೆ ಪುಟವಾಯಿತು.

ತೋರಿಸದೆ ಕಳುಹಿಸಿದ್ದರೆ ಏನಾಗುತ್ತಿತ್ತೋ! ಅಮ್ಮ ಕನ್ನಡಕ ಹಾಕಿಕೊಂಡು, ಕೈಯಲ್ಲೊಂದು ಪೆನ್ಸಿಲ್ ಹಿಡಿದು ಓದಲು ಕುಳಿತಳು. ಮೊದಲ ಗೆರೆ ಬಿದ್ದದ್ದು ಸೋದರತ್ತೆಯ ಮೇಲೆ. "ಆಪರೇಷನ್ ಆಗಿ ಹತ್ತು ದಿನವೂ ಕಳೆಯದೆ ಬಂದು ಹರಸಿದ ಅತ್ತೆ" ಎಂದು ಅಭಿಮಾನದಿಂದ ಬರೆದಿದ್ದೆ. "ಅವಳಿಗೆ ಆಪರೇಷನ್ ಆಗಿರುವುದು ಅವಳ ಸೊಸೆಯ ತೌರಿನವರಿಗೇ ಗೊತ್ತಿಲ್ಲ. ನೀನು ಊರಿಗೆಲ್ಲ ಹೇಳುತ್ತೀಯಾ?" ಎಂದಳು ಅಮ್ಮ. ಎರಡನೆಯ ಗೆರೆ ಸೋದರಮಾವನ ಮೇಲೆ. ಮಂಟಪದ ಬಾಡಿಗೆ ಕೊಟ್ಟವನು ಅವನೇ. ಅದು ಉಡುಗೊರೆಯೋ ಕೈಗಡವೋ ಎಂದು ಅವನ ಹೆಂಡತಿಗೆ ಅವನಿನ್ನೂ ಹೇಳಿರಲಿಲ್ಲವಂತೆ.

ಮೂರನೆಯದು ನಿಜವಾಗಿ ಕಷ್ಟದ್ದು. ನಮ್ಮ ಅಪ್ಪ ತೀರಿಕೊಂಡು ಎರಡು ವರ್ಷವಾಗಿದೆ. ಧಾರೆ ಎರೆದವರು ಚಿಕ್ಕಪ್ಪ ಮತ್ತು ಚಿಕ್ಕಮ್ಮ. "ಅಪ್ಪನ ಜಾಗದಲ್ಲಿ ನಿಂತು ಧಾರೆ ಎರೆದುಕೊಟ್ಟ ಚಿಕ್ಕಪ್ಪ" ಎಂದು ಬರೆಯುವಾಗ ನನಗೇ ಕಣ್ಣು ತುಂಬಿತ್ತು. ಅಮ್ಮ ಅದನ್ನು ಎರಡು ಸಲ ಓದಿದಳು. "ಚೆನ್ನಾಗಿದೆ. ಇದನ್ನು ಅವನಿಗೆ ಫೋನ್ ಮಾಡಿ ಹೇಳು" ಎಂದಳು. ಆ ಜಾಗದಲ್ಲಿ ನಿಲ್ಲಬೇಕಾದ ಹಿರಿಯರು ದೊಡ್ಡಪ್ಪ. ಜಮೀನಿನ ಪಾಲಿನ ವಿಷಯದಲ್ಲಿ ಅಪ್ಪನ ಜೊತೆ ಮಾತು ಬಿಟ್ಟಿದ್ದವರು ಆರತಕ್ಷತೆಗೆ ಅರ್ಧ ಗಂಟೆ ಬಂದು, ಅಕ್ಷತೆ ಹಾಕಿ, ಊಟ ಮಾಡದೆ ಹೋದರು. ಬಂದರಲ್ಲ ಎಂಬುದೇ ನಮಗೆ ದೊಡ್ಡದು. ಚಿಕ್ಕಪ್ಪನನ್ನು ಗುಂಪಿನಲ್ಲಿ ಹೊಗಳಿದರೆ ಆ ಅರ್ಧ ಗಂಟೆಯೂ ಕೈಬಿಟ್ಟುಹೋಗುತ್ತಿತ್ತು.

ಹಾಗಾದರೆ ಕಾರಣ ಏನೂ ಹೇಳದೆ ಬರಿಯ ಹೆಸರುಗಳನ್ನು ಹಾಕೋಣವೆಂದೆ. ಮುಯ್ಯಿ ಪುಸ್ತಕ ತಂದು ಪಟ್ಟಿ ಮಾಡಲು ಶುರು ಮಾಡಿದೆ. ಅದು ನೂರು ಹಾಳೆಯ ಸಾಮಾನ್ಯ ನೋಟ್‌ಪುಸ್ತಕ. ಮಂಟಪದ ಬಾಗಿಲಲ್ಲಿ ತಮ್ಮನ ಗೆಳೆಯನೊಬ್ಬ ಕುಳಿತು ಹೆಸರು, ಊರು, 501, 1,001 ಎಂದು ಬರೆದಿಟ್ಟದ್ದು. ಸ್ವಲ್ಪ ಹೊತ್ತಿಗೇ ಅದರ ಕೊರತೆ ಕಂಡಿತು. ಮುಯ್ಯಿ ಬರೆಸುವುದು ಗಂಡನ ಹೆಸರಿನಲ್ಲಿ. ಜೊತೆಗೆ ಬಂದ ಹೆಂಡತಿ, ಅತ್ತೆ, ಮಕ್ಕಳು ಅದರಲ್ಲಿಲ್ಲ. ಹೆಸರಿಲ್ಲದ ಲಕೋಟೆ ಮೂರಿದ್ದವು. ಇನ್ನು ಏನೂ ಕೊಡಲಾಗದೆ ಬಂದವರ ಗುರುತೇ ಇಲ್ಲ. ಅದನ್ನು ನೋಡಿ ಬರೆದರೆ ವಂದನೆ ಸಲ್ಲುವುದು ದುಡ್ಡು ಕೊಟ್ಟವರಿಗೆ ಮಾತ್ರ. ಫೋಟೊಗಳನ್ನು ತೆಗೆದು ನೋಡಿದೆ. ಅಲ್ಲಿ ಇದ್ದವರು ವೇದಿಕೆ ಹತ್ತಿದವರು ಮಾತ್ರ.

ಎರಡರಲ್ಲೂ ಇಲ್ಲದವರು ಯಾರು ಎಂದು ಅಮ್ಮನನ್ನೇ ಕೇಳಿದೆ. ಯೋಚಿಸದೆ ಹೇಳಿದಳು: "ಅರಸೀಕೆರೆಯ ಚಿಕ್ಕಮ್ಮ."

ಅಮ್ಮನ ತಂಗಿ. ಗಂಡ ಹೋದ ಮೇಲೆ ಶುಭಕಾರ್ಯದ ಮುಂದಿನ ಸಾಲಿಗೆ ತಾನಾಗಿ ಬರುವುದಿಲ್ಲ, ಯಾರೆಷ್ಟು ಕರೆದರೂ. ಶುಕ್ರವಾರವೇ ಬಂದು ಉಗ್ರಾಣದ ಬೀಗದ ಕೈ ಇಸಿದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಅಡುಗೆಯವರಿಗೆ ತುಪ್ಪ ಅಳೆದುಕೊಟ್ಟದ್ದು, ತೆಂಗಿನಕಾಯಿ ಎಣಿಸಿದ್ದು, ಆರತಕ್ಷತೆಯ ರಾತ್ರಿ ಕೊನೆಯ ಪಂಕ್ತಿಗೆ ಹೋಳಿಗೆ ಸಾಲದಾಗ ಎತ್ತಿಟ್ಟಿದ್ದ ಬುಟ್ಟಿಯನ್ನು ಹೊರತೆಗೆದದ್ದು ಅವಳೇ. ಒಂದು ಫೋಟೊದಲ್ಲಿ, ಬಡಿಸುವವರ ಹಿಂದೆ, ಅವಳ ಮೊಣಕೈ ಮಾತ್ರ ಇದೆ. ನನ್ನ ಒಂದೂವರೆ ಪುಟದಲ್ಲಿ ಅದೂ ಇರಲಿಲ್ಲ.

ಹೆಸರಿನ ಯೋಚನೆಯನ್ನು ಅಲ್ಲಿಗೇ ಬಿಟ್ಟೆವು. ಲಗ್ನಪತ್ರಿಕೆಯಲ್ಲಿ "ಸುಖಾಗಮನ ಬಯಸುವವರು" ಎಂಬಲ್ಲಿ ಯಾರ ಹೆಸರು ಮೊದಲು ಎಂದು ಎದ್ದ ಗಲಾಟೆಯೇ ಇನ್ನೂ ತಣ್ಣಗಾಗಿರಲಿಲ್ಲ. ಅಮ್ಮನ ಮಾತು ಇಷ್ಟು: ಮಂಟಪದಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದನ್ನು ಬರೆ, ಮಿಕ್ಕದ್ದಕ್ಕೆ ಫೋನ್ ಇದೆ. ಹೆಸರಿನ ಬದಲು ಕೆಲಸಗಳನ್ನು ಹೇಳುವುದೆಂದು ನಾನು ಸೇರಿಸಿದೆ. ಕೆಲಸ ಮಾಡಿದವರಿಗೆ ಅದು ತಮ್ಮದೆಂದು ತಿಳಿಯುತ್ತದೆ, ಮಾಡದವರಿಗೆ ಬಿಟ್ಟರೆಂದು ಅನ್ನಿಸುವುದಿಲ್ಲ. ಕೊನೆಗೆ ಉಳಿದದ್ದು ಹೀಗಿತ್ತು:

"ಆರತಕ್ಷತೆಗೂ ಧಾರೆಗೂ ಬಂದು ನವದಂಪತಿಯನ್ನು ಹರಸಿದ ಎಲ್ಲರಿಗೂ ನಮ್ಮ ನಮಸ್ಕಾರ. ಚಪ್ಪರ ಹಾಕಿಸಿದವರು, ಉಗ್ರಾಣ ಕಾದವರು, ಪಂಕ್ತಿಯಲ್ಲಿ ನಿಂತು ಬಡಿಸಿದವರು, ರಾತ್ರಿ ಹೊತ್ತಾದ ಮೇಲೆ ಹಿರಿಯರನ್ನು ಮನೆ ಮುಟ್ಟಿಸಿದವರು, ನೀವೆಲ್ಲ ಸೇರಿ ನಡೆಸಿಕೊಟ್ಟ ಕಾರ್ಯ ಇದು. ಬರಲಾಗದೆ ಇದ್ದಲ್ಲಿಂದಲೇ ಹರಸಿದವರಿಗೂ ಅಷ್ಟೇ ಋಣಿಗಳು. ಉಪಚಾರದಲ್ಲಿ ಕೊರತೆ ಕಂಡಿದ್ದರೆ ಮನ್ನಿಸಿ. ಇತಿ, ಎರಡೂ ಮನೆಯವರು."

"ಎರಡೂ ಮನೆಯವರು" ಎಂದು ಹಾಕಬೇಕಾದರೆ ಬೀಗರನ್ನು ಕೇಳಬೇಕಲ್ಲ. ಮೊದಲು ಅವರಿಗೆ ಕಳುಹಿಸಿದೆವು. ನಾನು "ನಮ್ಮ ಮಗಳು ಅಳಿಯ" ಎಂದು ಬರೆದಿದ್ದೆ. ಅದನ್ನು "ನವದಂಪತಿ" ಎಂದು ತಿದ್ದಿಸಿದ್ದು ಬೀಗಿತ್ತಿ. ನ್ಯಾಯವೇ. ಅವರಿಗೆ ಅವರು ಮಗ ಸೊಸೆ. ಫೋಟೊ ಯಾವುದೆಂಬ ಚರ್ಚೆ ಅರ್ಧ ಗಂಟೆ ನಡೆಯಿತು. ಗುಂಪಿನ ಫೋಟೊ ಯಾವುದನ್ನು ತೆಗೆದುಕೊಂಡರೂ ಯಾರೋ ಒಬ್ಬರು ಇರುವುದಿಲ್ಲ. ಕೊನೆಗೆ ಬಾಗಿಲಲ್ಲಿ ಸೇವಂತಿಗೆಯಿಂದ ವಧೂವರರ ಹೆಸರು ಬರೆದಿದ್ದ ಫಲಕದ ಫೋಟೊ ಹಾಕಿದೆವು.

ಇಷ್ಟೆಲ್ಲ ಅಳೆದು ಸುರಿದರೂ ಎಡವಿದೆವು. ತಮ್ಮ ಅದನ್ನೇ ಉತ್ಸಾಹದಿಂದ ತನ್ನ ಸ್ಟೇಟಸ್‌ಗೂ ಹಾಕಿಬಿಟ್ಟ. ಹತ್ತು ನಿಮಿಷಕ್ಕೆ ಅವನ ಹಳೆಯ ಸಹೋದ್ಯೋಗಿಯ ಸಂದೇಶ: "ತಂಗಿಯ ಮದುವೆ ಆಯಿತಾ? ಒಂದು ಮಾತು ಹೇಳಲಿಲ್ಲ." ಕರೆದವರಿಗೆ ವಂದನೆಯಾದದ್ದು ಕರೆಯದವರಿಗೆ ಸುದ್ದಿಯಾಗಿತ್ತು. ಅವನು ಸ್ಟೇಟಸ್ ಅಳಿಸಿ, ಫೋನ್ ಮಾಡಿ, ಇಲ್ಲದ ನೆಪ ಹೇಳದೆ ಮರೆತೆನೆಂದು ಒಪ್ಪಿಕೊಂಡ. ಇನ್ನೊಬ್ಬ ದೂರದ ಅಜ್ಜಿಗೆ "ಒಬ್ಬರ ಹೆಸರೂ ಇಲ್ಲದ ವಂದನೆ ಎಂಥ ವಂದನೆ" ಎಂಬ ಅಸಮಾಧಾನ ಇಂದಿಗೂ ಇದೆ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ.

ಆಮೇಲೆ ನಾಲ್ಕು ದಿನ ಅಮ್ಮ ಮುಯ್ಯಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಫೋನಿಗೆ ಕುಳಿತಳು. ಬಾಯಲ್ಲಿ ಮೊತ್ತದ ಮಾತಿಲ್ಲ, ಕೊಟ್ಟ ಸೀರೆ, ಬೆಳ್ಳಿ ಲೋಟಗಳ ಮಾತು ಮಾತ್ರ. ಅತ್ತೆಯ ಹೊಲಿಗೆ ಬಿಚ್ಚಿದ್ದನ್ನು ವಿಚಾರಿಸಿದಳು. ನಾನು ಚಿಕ್ಕಪ್ಪನಿಗೆ ಫೋನ್ ಮಾಡಿ ಪೆನ್ಸಿಲ್ ಗೆರೆ ಬಿದ್ದಿದ್ದ ಸಾಲನ್ನು ಹಾಗೆಯೇ ಓದಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಊಟ ಆಯಿತೇನಮ್ಮಾ?" ಎಂದರು. ಗುಂಪಿನಲ್ಲಿ ದೊಡ್ಡಪ್ಪನಿಂದ ಮೂರನೆಯ ದಿನ ಒಂದು ಮುಗಿದ ಕೈ ಬಂತು. ಅಷ್ಟೇ.

ಅರಸೀಕೆರೆಯಿಂದ ಮಾತ್ರ ಫೋನ್ ಅವಳಾಗಿಯೇ ಮಾಡಿದಳು. ಮಗನ ಕೈಯಲ್ಲಿ ಓದಿಸಿಕೊಂಡಿದ್ದಳಂತೆ.

"ಉಗ್ರಾಣ ಕಾದವರು ಅಂತ ಬರೆದಿದ್ದೀಯಲ್ಲ, ಅದನ್ನು ಕೇಳಿದ ಮೇಲೆ ಜ್ಞಾಪಕ ಬಂತು ಕಣೇ. ಬೀಗದ ಕೈ ನನ್ನ ಸೆರಗಿನಲ್ಲೇ ಇಲ್ಲಿಗೆ ಬಂದುಬಿಟ್ಟಿದೆ. ಮಂಟಪದವರು ಏನಾದರೂ ಅಂದರಾ?"

ಅಂದಿದ್ದರು. ಮುಂಗಡದಲ್ಲಿ ಐನೂರು ರೂಪಾಯಿ ಹಿಡಿದುಕೊಂಡಿದ್ದರು. ಏನೂ ಅನ್ನಲಿಲ್ಲ ಚಿಕ್ಕಮ್ಮ, ನಿಧಾನವಾಗಿ ತಂದುಕೊಡಿ, ನಾಲ್ಕು ದಿನ ಇದ್ದು ಹೋಗುವಿರಂತೆ ಎಂದೆ.