ಸಿಸಿಯಲ್ಲಿ ಕಂಡ ಸಾಹೇಬರ ಹೆಸರು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ವಾಲ್ವ್ ಕಾರ್ಖಾನೆಯೊಂದರಲ್ಲಿ ನನ್ನದು ಡಿಸ್ಪ್ಯಾಚ್ ಕೆಲಸ. ಒಂದು ಶುಕ್ರವಾರ ಬೆಳಿಗ್ಗೆ ಪುಣೆಯ ಗಿರಾಕಿಯಿಂದ ಒಂದೇ ಸಾಲಿನ ಮೇಲ್ ಬಂತು: ‘ಆ್ಯಸ್ ಪರ್ ಮೈ ಪ್ರೀವಿಯಸ್ ಈಮೇಲ್, ಕೈಂಡ್ಲಿ ಶೇರ್ ದ ಸರ್ಟಿಫಿಕೇಟ್.’ ಸಿಸಿಯಲ್ಲಿ ಅವರ ಮ್ಯಾನೇಜರ್ ಹೆಸರು, ಅದರ ಪಕ್ಕದಲ್ಲಿ ನಮ್ಮ ಸಾಹೇಬರದು.

ಮೈ ಉರಿಯಿತು. ಸರ್ಟಿಫಿಕೇಟನ್ನು ನಾನು ಮಂಗಳವಾರವೇ ಕಳಿಸಿದ್ದೆ! ‘ಆ್ಯಸ್ ಆಲ್ರೆಡಿ ಸೆಂಟ್ ಆನ್ ಟ್ಯೂಸ್‌ಡೇ, ಪ್ಲೀಸ್ ಚೆಕ್ ಯುವರ್ ಇನ್‌ಬಾಕ್ಸ್’ ಎಂದು ಕುಟ್ಟಿದೆ. ಪಕ್ಕದ ಮೇಜಿನಲ್ಲಿ ಲೆಕ್ಕ ನೋಡುವ ಕಾಕಾ ಕತ್ತೆತ್ತಿದರು. ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು.

“ಏನ್ ತಮ್ಮಾ, ಕೀಬೋರ್ಡ್ ಒಡದ್ ಹಾಕ್ತಿ ಏನ್?”

ತೋರಿಸಿದೆ. ಓದಿ ನಕ್ಕರು. “ಇದರಾಗ ಸಿಟ್ಟ ಎಲ್ಲೈತಿ? ನಾವು ಪ್ರತಿ ಪತ್ರದ ಮ್ಯಾಲೆ ‘ಉಲ್ಲೇಖ’ ಅಂತ ಬರೀತಿದ್ವಿ. ಉತ್ತರ ಬರಲಿಲ್ಲಂದ್ರ ‘ನೆನಪೋಲೆ’ ಕಳಸ್ತಿದ್ವಿ. ಯಾರೂ ಮಾರಿ ಉಬ್ಬಸ್ಕೊಂಡಿಲ್ಲ.”

“ಉಲ್ಲೇಖ ಅಂದ್ರ ತಾರೀಖರ ಇರತೈತ್ರಿ ಕಾಕಾ. ಮತ್ತ ನಡಬರಕ ಸಾಹೇಬ್ರನ್ಯಾಕ ಎಳದ ಇವ?”

“ಹಾಂ, ಅದು ಬ್ಯಾರೆ. ಮೇಲ್ ನಿನಗ ಬರದಾನ, ಓದಬೇಕಾದಾವ್ರು ಅವ್ರು. ‘ನಂದೇನ್ ತಪ್ಪಿಲ್ರಿ, ನಾ ಕೇಳೇನಿ’ ಅಂತ ದಾಖಲೆ ಮಾಡಾಕತ್ತಾನ. ಪಾಪ, ಯಾರೋ ಅವನ್ನ ಜಗ್ಗಾಕತ್ತಾರ.”

ಕಾಕಾ ಹೇಳಿದ್ದು ಅರ್ಧ ನಿಜ ಅನ್ನಿಸಿತು. ನಮ್ಮ ಕಡೆ ಎಷ್ಟೋ ಜನರಿಗೆ ‘ಆ್ಯಸ್ ಪರ್’ ಬರೀ ರೂಢಿಯ ಮಾತು. ತಾರೀಖು, ವಿಷಯ ಹಾಕಿ ಬರೆದರೆ ಅದು ಉಲ್ಲೇಖವೇ. ತಾರೀಖಿಲ್ಲದೆ, ಮೊದಲು ಇರದಿದ್ದ ಹೆಸರುಗಳು ಸಿಸಿಗೆ ಬಂದು ಕೂತಾಗ ಮಾತ್ರ ಅದರ ಅರ್ಥ ‘ನೀನು ಓದಿಲ್ಲ, ಎಲ್ಲರೂ ನೋಡಲಿ’. ಆದರೆ ಎರಡೂ ಸಲ ಮೊದಲು ನೋಡಬೇಕಾದದ್ದು ಒಂದೇ: ಆ ಹಿಂದಿನ ಮೇಲ್. ನಾನು ಅದನ್ನು ಇನ್ನೂ ತೆರೆದೇ ಇರಲಿಲ್ಲ.

ತೆರೆದೆ. ಸೋಮವಾರದ್ದು, ಉದ್ದನೆಯ ಮೇಲ್. ಪ್ಯಾಕಿಂಗ್, ಲಾರಿ, ಇನ್‌ವಾಯ್ಸ್ ಎಲ್ಲ ಆದ ಮೇಲೆ ಕೊನೆಯ ಸಾಲಿನಲ್ಲಿ ‘ಇಎನ್ 10204, ಟೈಪ್ 3.1’ ಎಂದಿತ್ತು. ಲೋಹದ ಮಾಲಿನ ಸರ್ಟಿಫಿಕೇಟುಗಳನ್ನು ಬಗೆಬಗೆಯಾಗಿ ವಿಂಗಡಿಸುವ ಯುರೋಪಿನ ಮಾನದಂಡ ಅದು. ನಾನು ಕಳಿಸಿದ್ದು 2.2. ಎರಡಕ್ಕೂ ನಮ್ಮಲ್ಲಿ ‘ಟಿಸಿ’, ಅಂದರೆ ಟೆಸ್ಟ್ ಸರ್ಟಿಫಿಕೇಟ್ ಅಂತಲೇ ಅನ್ನುತ್ತಾರೆ, ಎಡವಿದ್ದು ಅಲ್ಲೇ. 2.2ರಲ್ಲಿರುವ ಪರೀಕ್ಷೆಯ ಫಲಿತಾಂಶ ನಾವು ಕಳಿಸಿದ ಅದೇ ಮಾಲಿನದ್ದೇ ಆಗಿರಬೇಕೆಂದಿಲ್ಲ. 3.1 ಅಂದರೆ ಈ ಮಾಲಿನದ್ದೇ ಫಲಿತಾಂಶ, ಜೊತೆಗೆ ತಯಾರಿಕಾ ವಿಭಾಗಕ್ಕೆ ಸೇರದ ತಪಾಸಣೆಯವರ ಸಹಿ. ಒಂದು ಸಲಕ್ಕೆ ಕರಗಿಸಿದ ಲೋಹಕ್ಕೆ ಒಂದು ಹೀಟ್ ಅನ್ನುತ್ತಾರೆ, ಎರಕದ ಮೇಲಿನ ಹೀಟ್ ನಂಬರ್ ಕಾಗದದ ನಂಬರಿಗೆ ತಾಳೆಯಾಗಬೇಕು. ಅವರು ಕೇಳಿದ್ದು ಬೇರೆ, ನಾನು ಕೊಟ್ಟದ್ದು ಬೇರೆ. ‘ಆಲ್ರೆಡಿ ಸೆಂಟ್’ ಕಳಿಸಿದ್ದರೆ ಸಾಹೇಬರೆದುರು ನನ್ನ ಮಾನ ಏನಾಗುತ್ತಿತ್ತೋ.

ಕುಟ್ಟಿದ್ದನ್ನು ಅಳಿಸಿ, ಹೀಗೆ ಬರೆದೆ (ಇಂಗ್ಲಿಷಿನಲ್ಲಿ, ಇಲ್ಲಿ ಅದರ ಸಾರ): ‘ನೀವು ಕೇಳಿದ್ದು 3.1, ನಾನು ಕಳಿಸಿದ್ದು 2.2. ಮೂರು ಹೀಟ್‌ಗಳಲ್ಲಿ ಎರಡರ 3.1 ಲಗತ್ತಿಸಿದ್ದೇನೆ. ಮೂರನೆಯದಕ್ಕೆ ಫೌಂಡ್ರಿಯ ವರದಿ ಬರಬೇಕು. ಎಲ್ಲಿಗೆ ಬಂತೆಂದು ಸಂಜೆ ನಾಲ್ಕಕ್ಕೆ ತಿಳಿಸುತ್ತೇನೆ.’ ಕ್ಷಮೆಯ ಪುರಾಣ ಸೇರಿಸಲಿಲ್ಲ. ‘ಇವತ್ತೇ ಕೊಡುತ್ತೇನೆ’ ಎಂದೂ ಬರೆಯಲಿಲ್ಲ, ವರದಿ ನನ್ನ ಕೈಯಲ್ಲಿರಲಿಲ್ಲವಲ್ಲ. ಸಿಸಿಯನ್ನು ಇದ್ದ ಹಾಗೇ ಬಿಟ್ಟೆ. ಅವರ ಮ್ಯಾನೇಜರನ್ನು ತೆಗೆದರೆ ಮುಚ್ಚಿಟ್ಟಂತೆ, ನನ್ನ ಕಡೆಯಿಂದ ಇನ್ನೊಬ್ಬರನ್ನು ಸೇರಿಸಿದರೆ ಜಗಳಕ್ಕೆ ಜನ ಕೂಡಿಸಿದಂತೆ.

“ನಾ ಖರೇನ 3.1 ಕಳಿಸಿದ್ರ ಏನ್ ಬರೀಬೇಕಿತ್ರಿ?” ಅಂದೆ ಕಾಕಾಗೆ.

“ಮತ್ತೊಮ್ಮೆ ಕಳಸು. ‘ಮಂಗಳವಾರದ್ದು ಇಲ್ಲಿ ಮತ್ತ ಹಚ್ಚೇನಿ’ ಅನ್ನು, ಮುಗೀತು. ತಾರೀಖ ದಾಖಲಾತು, ಅವಗೂ ಹುಡುಕೋದ ತಪ್ಪಿತು.”

ರೊಕ್ಕ, ದಂಡ, ವಾಯಿದೆಯ ವಿಷಯವಾದರೆ ಆ ತಾರೀಖು ಬೇಕೇ ಬೇಕು. ಬೇಡವಾದದ್ದು ‘ಆಲ್ರೆಡಿ’ ಅನ್ನುವ ಮಾತು. ಹತ್ತು ನಿಮಿಷಕ್ಕೆ ಪುಣೆಯಿಂದ ಫೋನ್ ಬಂತು. ಸ್ವರ ಮೆತ್ತಗಿತ್ತು. ಅವರ ಸೈಟಿನ ಇನ್ಸ್‌ಪೆಕ್ಟರ್ ಶನಿವಾರ ಬರುವವನಂತೆ, ಕಾಗದ ಇಲ್ಲದಿದ್ದರೆ ಮಾಲು ಇಳಿಸಿಕೊಳ್ಳಲು ಬಿಡುವುದಿಲ್ಲವಂತೆ. ಇದನ್ನು ಮೇಲ್‌ನಲ್ಲಿ ಬರೆದಿದ್ದರೆ ನನಗೂ ಸಿಟ್ಟು ಬರುತ್ತಿರಲಿಲ್ಲ ಅಂದುಕೊಂಡೆ, ಹೇಳಲಿಲ್ಲ.

ಉಳಿದದ್ದು ಬೆಳಗಾವಿಯ ಫೌಂಡ್ರಿ. ಬುಧವಾರವೇ ವರದಿ ಕೇಳಿದ್ದೆ, ಸುದ್ದಿ ಇಲ್ಲ. ಗಡಿಯಾರ ಎರಡು ದಾಟಿತ್ತು. ಮೇಲ್ ತೆರೆದು ಟೈಪ್ ಮಾಡತೊಡಗಿದೆ: ‘ಆ್ಯಸ್ ಪರ್ ಮೈ...’ ಸಿಸಿಯಲ್ಲಿ ಅವರ ಮಾಲೀಕರ ಹೆಸರನ್ನೂ ಹಾಕಿಬಿಟ್ಟಿದ್ದೆ. ಕಾಕಾ ಓರೆಗಣ್ಣಿಂದ ನೋಡುತ್ತಿದ್ದರು. ಅಳಿಸಿ ಫೋನ್ ಹಚ್ಚಿದೆ.

“ಊಟಕ್ಕ ಕುಂತೇನ್ರೀ ಸರ,” ಅಂದ ಆ ಕಡೆಯ ಹುಡುಗ, ಬಾಯಿತುಂಬ ತುತ್ತು ಇಟ್ಟುಕೊಂಡೇ. “ವರದಿ ತಯಾರೈತ್ರಿ, ಸಹಿ ಒಂದ ಬಾಕಿ. ಯಾ ಹೀಟ್ ನಂಬರ್ ಅಂದ್ರಿ?”