ಆಟದ ಕಂಪನಿಯ ಲೆಡ್ಜರ್: ಪ್ರಿಫರೆನ್ಸ್ ಷೇರು ತೀರಿತು, ಸಿಆರ್‌ಆರ್ ಕೊನೆಗೂ ಸಿಕ್ಕಿಬಿತ್ತು

ಕೊನೆಗೂ ಬೊಗಳಿತು! ತಪ್ಪು ಎಂಟ್ರಿ ಹಾಕಿದರೆ ಲೆಡ್ಜರ್ ಈಗ ಸುಮ್ಮನೆ ನುಂಗಿಕೊಳ್ಳುವುದಿಲ್ಲ, ಕೆಂಪು ಅಕ್ಷರದಲ್ಲಿ ತಕರಾರು ತೆಗೆಯುತ್ತದೆ. ಕಾಗದದ ಮೇಲಷ್ಟೇ ಇರುವ ಕಂಪನಿಯ ಲೆಕ್ಕವನ್ನು, ಟೆಕ್ಸ್ಟ್ ಫೈಲಿನಲ್ಲೇ ಲೆಕ್ಕ ಇಡುವ ಸಾಫ್ಟ್‌ವೇರ್ ಆದ hledger‌ನಲ್ಲಿ ಬರೆಯುತ್ತಾ ಬಂದಿದ್ದೇನೆ ಎಂದು ನಿಮಗೆ ಗೊತ್ತಲ್ವಾ? ಷೇರು ಹಂಚಿಕೆ, ಕಾಲ್ಸ್, ಡಿವಿಡೆಂಡ್ ಎಲ್ಲ ಮುಗಿದಿವೆ. ಅವುಗಳಲ್ಲಿ ಹೇಳುವಂಥದ್ದು ಏನೂ ಇಲ್ಲ. ಪ್ರಿಫರೆನ್ಸ್ ಷೇರುಗಳನ್ನು ಲಾಭದಿಂದ ತೀರಿಸುವ ಹಂತ ಮಾತ್ರ ಚೆನ್ನಾಗಿ ಸತಾಯಿಸಿತು.

ಎಂಟ್ರಿ ಬರೆಯುವುದು ಕಷ್ಟವಲ್ಲ. ಕಷ್ಟ ಏನೆಂದರೆ, ಈ ವಿಷಯದಲ್ಲಿ ಎಂಥ ತಪ್ಪು ಎಂಟ್ರಿ ಹಾಕಿದರೂ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗುತ್ತದೆ. ಸಿಆರ್‌ಆರ್, ಅಂದರೆ ಕ್ಯಾಪಿಟಲ್ ರಿಡೆಂಪ್ಶನ್ ರಿಸರ್ವ್, ಅದನ್ನು ಪೂರ್ತಿ ಮರೆತರೂ ಟ್ಯಾಲಿ. ಡೆಬಿಟ್ ಕ್ರೆಡಿಟ್ ಸಮ ಇದ್ದರೆ ಸಾಕು, ಅದಕ್ಕೆ ಬೇರೆ ಚಿಂತೆ ಇಲ್ಲ. ಕಾನೂನು ಕೇಳುವ ಸಿಆರ್‌ಆರ್ ಇದೆಯೋ ಇಲ್ಲವೋ ಎಂದು ಲೆಡ್ಜರ್ ತಾನೇ ಹೇಳಬೇಕು, ಇದೇ ನನ್ನ ಹಟ.

ಕಂಪನಿಯ ಸ್ಥಿತಿ ಹೀಗಿದೆ. ಈಕ್ವಿಟಿ ಬಂಡವಾಳ 10,00,000 ರೂಪಾಯಿ, ತಲಾ 10ರ ಷೇರುಗಳು. ಪ್ರಿಫರೆನ್ಸ್ ಷೇರುಗಳು 5,000, ತಲಾ 100, ಪೂರ್ತಿ ಪಾವತಿ ಆಗಿವೆ. ಪೂರ್ತಿ ಪಾವತಿ ಆಗದ ಷೇರನ್ನು ತೀರಿಸುವ ಹಾಗಿಲ್ಲ. ಸೆಕ್ಯುರಿಟೀಸ್ ಪ್ರೀಮಿಯಂ 90,000, ಜನರಲ್ ರಿಸರ್ವ್ 4,00,000, ಲಾಭ-ನಷ್ಟ ಖಾತೆಯ ಉಳಿಕೆ 1,80,000. ಬ್ಯಾಂಕಿನಲ್ಲಿ 6,40,000. ಷೇರುಗಳನ್ನು ಶೇ 10 ಪ್ರೀಮಿಯಂ ಕೊಟ್ಟು ತೀರಿಸಬೇಕು. ಕೈಬಿಡುವ ಹಣ 5,50,000.

2013ರ ಕಂಪನಿ ಕಾಯ್ದೆಯ 55ನೇ ಸೆಕ್ಷನ್ ದಾರಿ ಎರಡೇ ಎನ್ನುತ್ತದೆ. ಡಿವಿಡೆಂಡ್ ಹಂಚಬಹುದಾದ ಲಾಭದಿಂದ ತೀರಿಸಿ, ಇಲ್ಲವೇ ಇದಕ್ಕೆಂದೇ ಹೊಸ ಷೇರು ಹೊರಡಿಸಿ ಬಂದ ಹಣದಿಂದ ತೀರಿಸಿ. ಡಿಬೆಂಚರ್ ಹೊರಡಿಸಿ ಹಣ ತಂದರೆ ಅದು ಎರಡನೇ ದಾರಿ ಆಗುವುದಿಲ್ಲ, ಏಕೆಂದರೆ ಅದು ಸಾಲ. ಲಾಭದಿಂದ ತೀರಿಸಿದರೆ, ತೀರಿಸಿದ ಷೇರುಗಳ ಮುಖಬೆಲೆಯಷ್ಟನ್ನು ಆ ಲಾಭದಿಂದಲೇ ಸಿಆರ್‌ಆರ್‌ಗೆ ವರ್ಗಾಯಿಸಬೇಕು. ಮುಖಬೆಲೆಯಷ್ಟು ಮಾತ್ರ, ಪ್ರೀಮಿಯಂ ಸೇರಿಸಿ ಅಲ್ಲ.

ಇದು ಯಾಕೆ ಎಂದು ಒಂದು ಕ್ಷಣ ನೋಡಿ. ಸಿಆರ್‌ಆರ್ ಮಾಡಲಿಲ್ಲ ಎಂದುಕೊಳ್ಳಿ. ಬ್ಯಾಂಕಿನಿಂದ 5,50,000 ಹೋಯಿತು, ಪ್ರಿಫರೆನ್ಸ್ ಬಂಡವಾಳ ಹೋಯಿತು, ಆದರೆ ಹಂಚಬಹುದಾದ ಲಾಭ 5,80,000ದಿಂದ ಬರೀ 50,000 ಇಳಿದು 5,30,000 ಹಾಗೇ ನಿಂತಿದೆ. ನಾಳೆ ಬ್ಯಾಂಕಿಗೆ ಹಣ ಬಂದಾಗ ಅದನ್ನೂ ಡಿವಿಡೆಂಡ್ ಆಗಿ ಹಂಚಬಹುದು. ಅಂದರೆ ಒಂದೇ ಲಾಭ ಎರಡು ಸಲ ಹೊರಗೆ ಹೋದ ಹಾಗೆ. ಕಂಪನಿಗೆ ಸಾಲ ಕೊಟ್ಟವರು ನಂಬಿದ್ದು 15,00,000ದ ಬಂಡವಾಳವನ್ನು. ಅದು ಸದ್ದಿಲ್ಲದೆ 10,00,000ಕ್ಕೆ ಇಳಿದಿರುತ್ತದೆ. ಸಿಆರ್‌ಆರ್ ಎಂದರೆ ಬೇರೆ ಎತ್ತಿಟ್ಟ ನಗದಲ್ಲ. ಅದರಿಂದ ಬ್ಯಾಂಕಿನ ಒಂದು ರೂಪಾಯಿಯೂ ಅಲ್ಲಾಡುವುದಿಲ್ಲ. ಲಾಭದ ಒಂದು ತುಂಡಿಗೆ ‘ಇನ್ನು ನಿನ್ನನ್ನು ಹಂಚುವ ಹಾಗಿಲ್ಲ’ ಎಂದು ಬೀಗ ಹಾಕುವುದು, ಅಷ್ಟೇ.

ಇಲ್ಲಿಂದಲೇ ದಾರಿ ಹೊಳೆಯಿತು. ಬೀಗ ಹಾಕಿದ ಮೊತ್ತ ಮೊದಲೂ ನಂತರವೂ ಒಂದೇ ಇರಬೇಕು. ಈಕ್ವಿಟಿ, ಪ್ರಿಫರೆನ್ಸ್, ಸಿಆರ್‌ಆರ್ ಮೂರನ್ನೂ `locked` ಎಂಬ ಒಂದೇ ಗುಂಪಿನ ಕೆಳಗೆ ಇಟ್ಟೆ. ಹಂಚಬಹುದಾದದ್ದೆಲ್ಲ `free` ಕೆಳಗೆ. ಉಪಖಾತೆ ಸೇರಿಸಿ ಮೊತ್ತ ಪರೀಕ್ಷಿಸಲು hledger‌ನಲ್ಲಿ `=*` ಇದ್ದೇ ಇದೆ. ಕೆಲಸ ಮುಗಿಯಿತು ಅಂತ ಕಾಫಿಗೆ ಎದ್ದಿದ್ದೆ.

ಆದರೂ ಅಭ್ಯಾಸಬಲ, ಬೇಕಂತಲೇ ತಪ್ಪು ಎಂಟ್ರಿಗಳನ್ನು ಹಾಕಿ ಕೆಣಕಿದೆ. ಸಿಆರ್‌ಆರ್ ಬಿಟ್ಟಾಗ ಸರಿಯಾಗಿ ಬೊಗಳಿತು: 15,00,000 ಇರಬೇಕಿತ್ತು, 10,00,000 ಇದೆ. ಶಭಾಷ್. ಆಮೇಲೆ ಸಿಆರ್‌ಆರ್‌ನ 5,00,000ದಲ್ಲಿ 90,000ವನ್ನು ಸೆಕ್ಯುರಿಟೀಸ್ ಪ್ರೀಮಿಯಂನಿಂದ ಎತ್ತಿದೆ. ಒಂದು ಸದ್ದೂ ಇಲ್ಲ! ಇದು ಶುದ್ಧ ತಪ್ಪು, ಏಕೆಂದರೆ ಆ ಖಾತೆ ಡಿವಿಡೆಂಡ್ ಹಂಚಬಹುದಾದ ಲಾಭವೇ ಅಲ್ಲ. ಆದರೆ ಮೂರು ಖಾತೆಗಳ ಮೊತ್ತ ಸರಿಯಾಗಿ 15,00,000. ತೀರಿಸುವ ಪ್ರೀಮಿಯಂ 50,000ವನ್ನು ಅಲ್ಲಿಂದ ಎತ್ತಿದರೂ ಅದೇ ಮೌನ.

ಇದರ ಮೇಲೆ ತಲೆ ಕೆಡಿಸಿಕೊಂಡಷ್ಟು ಯಾವುದರ ಮೇಲೂ ಕೆಡಿಸಿಕೊಂಡಿಲ್ಲ. ಬೇರೆ ಬೇರೆ ಷರತ್ತುಗಳನ್ನು ಸೇರಿಸುತ್ತಾ ಹೋದರೆ ಫೈಲ್ ಓದಲಾಗದಷ್ಟು ಗಬ್ಬೆದ್ದು ಹೋಯಿತು. ಉತ್ತರ ಇದ್ದದ್ದು 52ನೇ ಸೆಕ್ಷನ್‌ನಲ್ಲಿ. ಬಂಡವಾಳ ಇಳಿಸುವ ನಿಯಮಗಳು ಸೆಕ್ಯುರಿಟೀಸ್ ಪ್ರೀಮಿಯಂಗೂ ಪಾವತಿಯಾದ ಬಂಡವಾಳಕ್ಕೆ ಅನ್ವಯಿಸಿದ ಹಾಗೇ ಅನ್ವಯಿಸುತ್ತವೆ. ಹಾಗಿದ್ದ ಮೇಲೆ ಅದೂ ಬೀಗದೊಳಗೇ ಇರಬೇಕಲ್ವಾ? ಅದನ್ನು `locked` ಒಳಗೆ ತಳ್ಳಿದೆ. ಹೊಸ ಮೊತ್ತ 15,90,000. ಈಗ ಸದ್ದಿಲ್ಲದೆ ಜಾರಿದ್ದ ಆ ಎರಡರಲ್ಲಿ ಮೊದಲ ತಪ್ಪಿಗೆ 15,00,000 ಎಂದೂ ಎರಡನೆಯದಕ್ಕೆ 15,40,000 ಎಂದೂ ತೋರಿಸಿ ತಡೆಯುತ್ತದೆ.

ಸರಿಯಾದ ಎಂಟ್ರಿಗಳು ಇವು. hledger‌ನಲ್ಲಿ ಕ್ರೆಡಿಟ್ ಮೈನಸ್ ಎಂಬುದು ನೆನಪಿರಲಿ:

```
2024-04-01 premium provided
    free:pl                    50000
    redemption-premium        -50000

2024-04-01 CRR
    free:genres               400000
    free:pl                   100000
    locked:crr               -500000

2024-04-01 amount due
    locked:pref               500000
    redemption-premium         50000
    liabilities:prefholders  -550000

2024-04-01 payment
    liabilities:prefholders   550000
    assets:bank              -550000

2024-04-01 check
    locked     0 =* -1590000
    free       0 =*   -30000
```

ಪರೀಕ್ಷೆಯ ಸಾಲುಗಳು ಕೊನೆಯಲ್ಲೇ ಇರಬೇಕು. ಮಧ್ಯದಲ್ಲಿಟ್ಟರೆ ಸಿಆರ್‌ಆರ್ ಬಂದು ಪ್ರಿಫರೆನ್ಸ್ ಇನ್ನೂ ಹೋಗಿರುವುದಿಲ್ಲ, ಸುಮ್ನೆ ಗಲಾಟೆ. ಎರಡನೇ ಸಾಲು ಯಾಕೆ ಅಂದರೆ, ಯಾರಾದರೂ ಆಸ್ತಿಯ ಮರುಮೌಲ್ಯದಿಂದ ಬಂದ ರಿಸರ್ವ್‌ನಿಂದ ಸಿಆರ್‌ಆರ್ ಮಾಡಿದರೆ `locked` ಸರಿಯಾಗಿಯೇ ಕಾಣುತ್ತದೆ. ಆ ರಿಸರ್ವ್ ಎರಡೂ ಗುಂಪಿನಲ್ಲಿಲ್ಲ. ಆಗ `free` ಇಳಿಯಬೇಕಾದಷ್ಟು ಇಳಿದಿರುವುದಿಲ್ಲ, ಅಲ್ಲೇ ಸಿಕ್ಕಿಬೀಳುತ್ತದೆ. ಮುಖಬೆಲೆ 5,00,000, ಪ್ರೀಮಿಯಂ 50,000, ಎರಡೂ ಸೇರಿ `free`ನಿಂದಲೇ ಹೋಗಿರಬೇಕು.

ಪ್ರೀಮಿಯಂ ಬಗ್ಗೆ ಒಂದು ಮಾತು. 133ನೇ ಸೆಕ್ಷನ್‌ನ ಲೆಕ್ಕ ಮಾನದಂಡಗಳನ್ನು ಪಾಲಿಸುವ, ನಿಗದಿಪಡಿಸಿದ ವರ್ಗದ ಕಂಪನಿಗಳು ಅದನ್ನು ಲಾಭದಿಂದಲೇ ಒದಗಿಸಬೇಕು. ಉಳಿದ ಕಂಪನಿಗಳಿಗೆ ಸೆಕ್ಯುರಿಟೀಸ್ ಪ್ರೀಮಿಯಂ ಬಳಸುವ ಅವಕಾಶವೂ ಇದೆ. ನನ್ನ ಆಟದ ಕಂಪನಿಯನ್ನು ಬಿಗಿಯಾದ ನಿಯಮದಡಿ ಇಟ್ಟಿದ್ದೇನೆ. ನಿಮ್ಮದು ಸಡಿಲ ವರ್ಗದ್ದಾದರೆ ಅಷ್ಟರ ಮಟ್ಟಿಗೆ ಎರಡೂ ಸಂಖ್ಯೆ ಬದಲಿಸಿಕೊಳ್ಳಿ. ಇನ್ನು ಇಂಡ್ ಎಎಸ್ ಪ್ರಕಾರ ಬರೆಯುವವರಿಗೆ ಇಂಥ ಷೇರು ಸಾಮಾನ್ಯವಾಗಿ ಬಂಡವಾಳವಲ್ಲ, ಹೊಣೆಯ ಸಾಲಿನಲ್ಲಿ ಕೂರುತ್ತದೆ. ಅವರಿಗೆ ನನ್ನ ಗುಂಪುಗಳು ಹಾಗೇ ಒಗ್ಗುವುದಿಲ್ಲ.

ಲಾಭ ಸಾಲದಿದ್ದರೆ? ಲಾಭ-ನಷ್ಟ ಖಾತೆಯಲ್ಲಿ 1,20,000 ಮಾತ್ರ ಇದೆ ಎನ್ನಿ. ಒಟ್ಟು ಲಾಭ 5,20,000. ಮೊದಲು ಪ್ರೀಮಿಯಂಗೆ 50,000 ತೆಗೆಯಿರಿ, ಸಿಆರ್‌ಆರ್‌ಗೆ ಉಳಿಯುವುದು 4,70,000. ಕೊರತೆ 30,000, ಅಷ್ಟು ಮುಖಬೆಲೆಯ ಹೊಸ ಷೇರು ಬೇಕು. ಪ್ರೀಮಿಯಂ ಕಳೆಯದೆ ಲೆಕ್ಕ ಹಾಕಿದರೆ ಕೊರತೆಯೇ ಕಾಣುವುದಿಲ್ಲ!

ಹಣ ಕೊಟ್ಟು ತರಿಸಿದ ಒಂದು ಸ್ಪ್ರೆಡ್‌ಶೀಟ್ ಟೆಂಪ್ಲೇಟ್ ನನ್ನ ಮೈ ಉರಿಸಿದ್ದು ಇಲ್ಲೇ. 10ರ 3,000 ಈಕ್ವಿಟಿ ಷೇರುಗಳನ್ನು 12ರಂತೆ ಹೊರಡಿಸಿದರೆ 36,000 ಬರುತ್ತದೆ. ಟೆಂಪ್ಲೇಟ್ ಆ 36,000ವನ್ನೂ ಪೂರ್ತಿ ಕಳೆದು ಸಿಆರ್‌ಆರ್ 4,64,000 ಎಂದಿತು. ಬಂಡವಾಳದ ಜಾಗ ತುಂಬುವುದು ಮುಖಬೆಲೆಯ 30,000 ಮಾತ್ರ. ಉಳಿದ 6,000 ಸೆಕ್ಯುರಿಟೀಸ್ ಪ್ರೀಮಿಯಂಗೆ ಹೋಗುತ್ತದೆ, ಸಿಆರ್‌ಆರ್ 4,70,000 ಆಗಲೇಬೇಕು. ಮಾರಿದವರಿಗೆ ಬರೆದರೆ ‘ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗ್ತಿದೆಯಲ್ಲ ಸರ್’ ಎಂದು ಉತ್ತರ. ಅಯ್ಯೋ, ಟ್ಯಾಲಿ ಆಗುವುದೇ ಇಲ್ಲಿನ ರೋಗ! ಹಣ ವಾಪಸ್ ಕೇಳಿದ ಮೇಲೆ ಆ ಉತ್ತರವೂ ನಿಂತಿತು.

ಈ ತಪ್ಪು ನನ್ನ ಪರೀಕ್ಷೆಯನ್ನೂ ಏಮಾರಿಸಬಲ್ಲದು. 4,64,000 ಹಾಕಿದರೆ `locked` ಸರಿಯಾಗಿ 15,90,000ಕ್ಕೆ ಬಂದು ನಿಲ್ಲುತ್ತದೆ. ಆದ್ದರಿಂದ ಹೊಸ ಷೇರು ಬಂದ ಸಂದರ್ಭದಲ್ಲಿ ನಿರೀಕ್ಷೆಯ ಮೊತ್ತಕ್ಕೆ ಹೊಸ ಪ್ರೀಮಿಯಂ ಸೇರಿಸಲೇಬೇಕು, 15,96,000. ಅದನ್ನು ಈಗ ಕೈಯಿಂದ ಬರೆಯುತ್ತಿದ್ದೇನೆ. ಸಣ್ಣ ಸ್ಕ್ರಿಪ್ಟ್ ಒಂದು ಅದನ್ನು ತಾನೇ ಲೆಕ್ಕ ಹಾಕಿ ಬರೆಯುವಂತೆ ಮಾಡುವುದು ಬಾಕಿ.

ಆದರೆ ಅದಕ್ಕೆ ಮೊದಲು ಬೋನಸ್ ಷೇರಿನ ಕಡೆ ಮನಸ್ಸು ಓಡಿದೆ. ಸಿಆರ್‌ಆರ್‌ನಿಂದ ಸದಸ್ಯರಿಗೆ ಪೂರ್ತಿ ಪಾವತಿಯಾದ ಬೋನಸ್ ಷೇರು ಕೊಡಬಹುದು. ನನ್ನ ಕಂಪನಿಯಲ್ಲಿ 1,00,000 ಈಕ್ವಿಟಿ ಷೇರುಗಳಿವೆ. 5,00,000ದ ಸಿಆರ್‌ಆರ್‌ನಿಂದ 50,000 ಷೇರು, ಎರಡಕ್ಕೆ ಒಂದು. ಮಜಾ ಏನೆಂದರೆ ಸಿಆರ್‌ಆರ್ ಖಾಲಿಯಾಗಿ ಈಕ್ವಿಟಿ 15,00,000 ಆಗುತ್ತದೆ, `locked` ಮಾತ್ರ ಕದಲುವುದೇ ಇಲ್ಲ. ಪರೀಕ್ಷೆಯ ಸಾಲನ್ನು ಮುಟ್ಟಬೇಕಾಗಿಲ್ಲ.

ಬೈಬ್ಯಾಕ್ ಹಾಗಲ್ಲ. 69ನೇ ಸೆಕ್ಷನ್ ಅಲ್ಲೂ ಮುಖಬೆಲೆಯಷ್ಟು ಸಿಆರ್‌ಆರ್ ಕೇಳುತ್ತದೆ, ಆದರೆ ಕಂಪನಿ ತನ್ನ ಷೇರನ್ನು ಸೆಕ್ಯುರಿಟೀಸ್ ಪ್ರೀಮಿಯಂನಿಂದಲೂ ಕೊಳ್ಳಬಹುದು. ಅಂದರೆ ಪೂರ್ತಿ ಕಾನೂನುಬದ್ಧವಾದ ಎಂಟ್ರಿಗೂ ನನ್ನ `locked` ಬೊಗಳುತ್ತದೆ. ಅದಕ್ಕೆ `locked:secprem` ಅನ್ನು ಒಳಗೇ ಒಂದು ಬೇರೆ ಗೂಡಿಗೆ ಹಾಕಬೇಕೇನೋ. ಬೋನಸ್ ಎಂಟ್ರಿ ಮುಗಿಸಿ ಅದನ್ನೇ ಕೈಗೆತ್ತಿಕೊಳ್ಳುತ್ತೇನೆ.