ಒಣ ಬಟ್ಟೆಯಿಂದ ಉಜ್ಜಿ ಬಣ್ಣ ಪರೀಕ್ಷಿಸಬೇಡಿ

ನಮ್ಮದು ಕೆಜಿ ಲೆಕ್ಕದ ಲಾಂಡ್ರಿ. ಮಷಿನ್ ಅರ್ಧ ಖಾಲಿ ಓಡಿದರೆ ಮ್ಯಾನೇಜರ್ ಸಹಿಸುವುದಿಲ್ಲ. ಮದುವೆ ಸೀಸನ್ನಿನ ಆ ಸಂಜೆಯೂ ಅಷ್ಟೆ, ಬಿಳಿ ಲೋಡ್ ಕಡಿಮೆ ಇದೆಯೆಂದು ಹೊಸ ಮೆರೂನ್ ಕಾಟನ್ ಕುರ್ತಾವನ್ನೂ ಅದಕ್ಕೇ ಸೇರಿಸಲು ಹೇಳಿದರು. ಕೌಂಟರಿನ ಹುಡುಗ ಒಣ ಬಟ್ಟೆಯಿಂದ ಉಜ್ಜಿ ನೋಡಿ, "ಬಣ್ಣ ಬಿಡಲ್ಲ ಅಣ್ಣಾ, ಮನೆಯವರು ಉಪ್ಪುನೀರಲ್ಲಿ ನೆನೆಸಿದಾರಂತೆ" ಅಂದ.

ಅರ್ಧ ತೊಳೆಯುವಷ್ಟರಲ್ಲಿ ಕರೆಂಟ್ ಹೋಯಿತು. ಬಾಗಿಲು ಲಾಕ್. ಗಾಜಿನಾಚೆ ನೀರು ಆಗಲೇ ಗುಲಾಬಿ. ಕರೆಂಟ್ ಬರುವತನಕ ಕಾಯೋಣ ಎಂದರು ಎಲ್ಲರೂ. ಆದರೆ ಬಟ್ಟೆಗಳು ಒದ್ದೆಯಾಗಿ ಒಂದಕ್ಕೊಂದು ಒತ್ತಿಕೊಂಡು ಸುಮ್ಮನೆ ಬಿದ್ದಿರುವಾಗಲೇ ಕಲೆ ಗಟ್ಟಿಯಾಗಿ ಕೂರುವುದು. ಕೆಳಗಿನ ಫಿಲ್ಟರ್ ಪಕ್ಕದ ಸಣ್ಣ ಪೈಪಿನಿಂದ ಬಕೆಟ್ಟಿಗೆ ನೀರು ಇಳಿಸಿದೆವು. ಅದು ಎಷ್ಟು ನಿಧಾನ! ಪೂರ್ತಿ ಇಳಿದ ಮೇಲಷ್ಟೇ ತುರ್ತು ದಾರ ಎಳೆದು ಬಾಗಿಲು ತೆಗೆಯಲಾಯಿತು.

ಬಿಳಿ ಶರ್ಟುಗಳು, ಒಂದು ಜರಿ ಅಂಚಿನ ಪಂಚೆ, ಎಲ್ಲ ಗುಲಾಬಿ. "ಡ್ರೈಯರಿಗೆ ಹಾಕಿ, ಇಸ್ತ್ರಿ ಹೊಡೆದು ಕೊಡಿ" ಎಂದರು ಮ್ಯಾನೇಜರ್. ನಾನು ಒಪ್ಪಲಿಲ್ಲ. ಬಿಸಿ ತಗುಲಿದರೆ ಕಲೆ ತೆಗೆಯುವುದು ಇನ್ನೂ ಕಷ್ಟ. ಕುರ್ತಾ ಬೇರೆ ಮಾಡಿ, ಉಳಿದವನ್ನು ತಿಳಿನೀರು ಬರುವತನಕ ತಣ್ಣೀರಲ್ಲಿ ಜಾಲಾಡಿಸಿದೆವು. ಕಾಟನ್ ಶರ್ಟುಗಳನ್ನು ಆಕ್ಸಿಜನ್ ಬ್ಲೀಚ್ ಪುಡಿ ಕಲಸಿದ ಬೆಚ್ಚನೆ ನೀರಲ್ಲಿ ರಾತ್ರಿಯಿಡೀ ನೆನೆಸಿದ ಮೇಲೆ ಬೆಳಗ್ಗೆ ಬಿಳಿಯಾಗಿ ಬಂದವು. ಪಂಚೆಗೆ ಅದು ಆಗದು, ಜರಿ ಕಪ್ಪಾಗಬಹುದು. ತಣ್ಣೀರಲ್ಲೇ ಮತ್ತೆ ಮತ್ತೆ ತೊಳೆದರೂ ಅಂಚಿನ ಬಳಿ ತೆಳು ಗುಲಾಬಿ ಉಳಿದೇ ಹೋಯಿತು. ಪಂಚೆ ಕೊಟ್ಟಿದ್ದ ಹಿರಿಯರಿಗೆ ನಾವೇ ಫೋನ್ ಮಾಡಿ ಹೇಳಿದೆವು.

ಈ ಉಪ್ಪಿನ ನಂಬಿಕೆ ಎಲ್ಲ ಮನೆಯಲ್ಲೂ ಇದೆ. ಬಣ್ಣ ಹಾಕುವ ಕಾರ್ಖಾನೆಯಲ್ಲಿ ಉಪ್ಪು ಹಾಕುವುದು ಬಣ್ಣವನ್ನು ನೂಲಿನತ್ತ ತಳ್ಳಲು. ಕಾಟನ್‌ಗೆ ಈಗ ಹೆಚ್ಚು ಬಳಸುವ ರಿಯಾಕ್ಟಿವ್ ಬಣ್ಣ ನೂಲಿಗೆ ಕಚ್ಚಿಕೊಳ್ಳಬೇಕಾದರೆ ಸೋಡಾದಂಥ ಕ್ಷಾರ ಬೇಕು. ಅಲ್ಲಿ ಕಚ್ಚದೆ ಉಳಿದ ಬಣ್ಣವನ್ನು ಮನೆಯ ಉಪ್ಪು ಕಚ್ಚಿಸಲಾರದು. ಅದು ತೊಳೆದು ಹೋಗಲೇಬೇಕು. ಹಾಗಾಗಿ ಹೊಸ ಗಾಢ ಬಟ್ಟೆಯನ್ನು ಜಾಲಾಡಿಸಿದ ನೀರು ತಿಳಿಯಾಗುವತನಕ ಒಂಟಿಯಾಗಿಯೇ ತೊಳೆಯಿರಿ. ಜೀನ್ಸಿನ ಇಂಡಿಗೋ ಮಾತ್ರ ನೂಲಿನ ಮೇಲ್ಮೈಯಲ್ಲೇ ಕೂತಿರುವುದರಿಂದ ಹಳತಾದರೂ ಉಜ್ಜಿದಷ್ಟೂ ಬಿಡುತ್ತದೆ. ಬಿಳಿ ಲೋಡಿಗೆ ಎಂದೂ ಬೇಡ.

ಹೊಸ ಕಪ್ಪು ಬಟ್ಟೆಗೆ ಬಿಳಿ ಟವೆಲ್ ಜೊತೆಗಿನ ತೊಳೆತವೂ ಕೆಟ್ಟದ್ದೇ. ಎಳೆ ಎಳೆ ಜುಂಗು ಅಂಟುತ್ತದೆ, ಬಿಳಿ ಬಟ್ಟೆಗೆಂದು ಹಾಕಿದ ಬ್ಲೀಚಿನಿಂದ ಮಾಸುತ್ತದೆ. ಒಳಮಗ್ಗುಲು ಹೊರಗೆ ಮಾಡಿ, ತಣ್ಣೀರಲ್ಲಿ, ಕಪ್ಪಿನ ಜೊತೆಗೇ ಹಾಕಿ.

ಈಗ ಕೌಂಟರಿನಲ್ಲಿ ಒದ್ದೆ ಬಿಳಿ ಚಿಂದಿ ಇಟ್ಟಿದ್ದೇವೆ. ಬಟ್ಟೆಯ ಒಳಮಡಿಕೆಯ ಮೇಲೆ ಅದನ್ನಿಟ್ಟು ಬಿಸಿ ಇಸ್ತ್ರಿ ಒತ್ತಿದಾಗ ಚಿಂದಿಗೆ ಬಣ್ಣ ಹತ್ತಿದರೆ ಕೆಂಪು ಟ್ಯಾಗ್. ಕೆಂಪು ಟ್ಯಾಗಿನ ಲೋಡ್ ಅರ್ಧ ಖಾಲಿಯೇ ಓಡುತ್ತದೆ, ಮ್ಯಾನೇಜರ್ ಏನೇ ಅಂದರೂ.